ಆನೆ ಸಂಕದ ಮೇಲೆ ನಿಲ್ಲಬೇಕು: ಆಟಿಕೆಯ ಫೋಟೊವನ್ನು ಬಣ್ಣದ ಚಿತ್ರದೊಳಗೆ ಕೂರಿಸುವುದು

"ಚಿಕ್ಕಮ್ಮ, ಈ ಆನೆ ಯಾಕೆ ಹಾರ್ತಾ ಇದೆ?"

ಅಕ್ಕನ ಮಗಳಿಗೆ ಆಗ ಐದು ವರ್ಷ. ನಾನು ತೋರಿಸಿದ ಪುಟದಲ್ಲಿ ಆನೆ ಹಾರುತ್ತಿರಲಿಲ್ಲ. ಅಡಿಕೆ ತೋಟದ ಹಳ್ಳಕ್ಕೆ ಹಾಕಿದ ಸಂಕದ ಮೇಲೆ ನಡೆದು ಹೋಗುತ್ತಿತ್ತು. ಅಂದರೆ, ಹಾಗೆ ಕಾಣಲಿ ಅಂತ ನಾನು ಮಾಡಿದ್ದೆ. ಹಳ್ಳ, ತೋಟ, ಮಂಜು, ಸಂಕ ಎಲ್ಲವನ್ನೂ ಜಲವರ್ಣದಲ್ಲಿ ಬರೆದಿದ್ದೆ. ಆನೆ ಮಾತ್ರ ಚನ್ನಪಟ್ಟಣದ ಮರದ ಆಟಿಕೆ. ಅದರ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಕತ್ತರಿಸಿ, ಚಿತ್ರದ ಮೇಲೆ ಇಟ್ಟಿದ್ದೆ. ಕತ್ತರಿಸಿದ ಅಂಚು ಚೆನ್ನಾಗಿತ್ತು, ಬಣ್ಣವೂ ಚೆನ್ನಾಗಿತ್ತು. ಆದರೂ ಮಗು ಹೇಳಿದ್ದೇ ಸರಿ. ಆನೆ ಆ ಜಾಗದಲ್ಲಿ ಇರಲಿಲ್ಲ. ಸ್ಟಿಕ್ಕರ್ ಅಂಟಿಸಿದ ಹಾಗೆ ಮೇಲೆ ತೇಲುತ್ತಿತ್ತು.

ಮಕ್ಕಳ ಕಥೆಪುಸ್ತಕಕ್ಕೆ ಹೀಗೆ ಚಿತ್ರ ಮಾಡುವವರೆಲ್ಲ ಈ ತೊಂದರೆಗೆ ಸಿಕ್ಕೇ ಸಿಗುತ್ತಾರೆ. ತುಂಬ ಜನ ತಪ್ಪನ್ನು ಅಂಚಿನಲ್ಲಿ ಹುಡುಕುತ್ತಾರೆ. ಇನ್ನಷ್ಟು ನಾಜೂಕಾಗಿ ಕತ್ತರಿಸುತ್ತಾರೆ, ಅಂಚನ್ನು ಮಬ್ಬು ಮಾಡುತ್ತಾರೆ. ನನ್ನ ಅನುಭವದಲ್ಲಿ ತಪ್ಪು ಅಲ್ಲಿರುವುದು ಕಡಿಮೆ. ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು, ಕಾಲಿನ ಬುಡದಲ್ಲಿ ನೆರಳು ಹೇಗಿದೆ, ಆಟಿಕೆಯ ಮೇಲೆ ಬಿದ್ದ ಬೆಳಕು ಚಿತ್ರದ ಬೆಳಕೇ ಹೌದಾ ಅನ್ನುವುದರಲ್ಲಿ ಇರುತ್ತದೆ. ಆ ಒಂದೇ ಪುಟವನ್ನು ನಾನು ಮತ್ತೆ ಮೊದಲಿನಿಂದ ಮಾಡಿದೆ. ಅದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲು ಕ್ಯಾಮೆರಾದ ಎತ್ತರ. ಬಹುಪಾಲು ಕೆಲಸ ಇಲ್ಲೇ ಗೆಲ್ಲುತ್ತದೆ ಅಥವಾ ಕೆಡುತ್ತದೆ.

ಮೊದಲ ಸಲ ನಾನು ಆನೆಯನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಫೋಟೊ ತೆಗೆದಿದ್ದೆ. ಅಂದರೆ ಕ್ಯಾಮೆರಾ ಆನೆಯನ್ನು ಮೇಲಿನಿಂದ ನೋಡುತ್ತಿತ್ತು. ಬೆನ್ನು ಪೂರ್ತಿ ಕಾಣುತ್ತಿತ್ತು, ಕಾಲುಗಳು ಗಿಡ್ಡವಾಗಿದ್ದವು. ಚಿತ್ರದಲ್ಲಿ ಮಾತ್ರ ಸಂಕವನ್ನು ಪಕ್ಕದಿಂದ, ಹಳ್ಳದ ದಡದಲ್ಲಿ ಕೂತು ನೋಡಿದ ಹಾಗೆ ಬರೆದಿದ್ದೆ. ಒಂದೇ ಪುಟದಲ್ಲಿ ಎರಡು ಕಣ್ಣು ಎರಡು ಕಡೆಯಿಂದ ನೋಡುತ್ತಿದ್ದವು. ಮಗುವಿಗೆ ಇದನ್ನು ಮಾತಲ್ಲಿ ಹೇಳೋಕೆ ಬರುವುದಿಲ್ಲ. ಆದರೆ ಆನೆಯ ಕಾಲು ಸಂಕಕ್ಕೆ ತಾಗಿಲ್ಲ ಅನ್ನುವುದು ತಕ್ಷಣ ಗೊತ್ತಾಗುತ್ತದೆ.

ಇದನ್ನು ಸರಿಮಾಡಲು ಒಂದು ಸುಲಭದ ಲೆಕ್ಕ ಇದೆ. ಬಯಲಿನಲ್ಲಿ ನಿಂತರೆ ದೂರದಲ್ಲಿ ಆಕಾಶ ನೆಲವನ್ನು ಮುಟ್ಟುವ ಗೆರೆ ಕಾಣುತ್ತದಲ್ಲ, ಆ ದಿಗಂತ ಯಾವಾಗಲೂ ನೋಡುವವರ ಕಣ್ಣಿನ ಎತ್ತರದಲ್ಲೇ ಇರುತ್ತದೆ. ಸಮತಟ್ಟಾದ ನೆಲದಲ್ಲಿ ನಿಂತ ಯಾವ ವಸ್ತುವನ್ನಾದರೂ ಆ ಗೆರೆ ಕಣ್ಣಿನ ಎತ್ತರದಲ್ಲೇ ಹಾಯುತ್ತದೆ. ವಸ್ತು ಹತ್ತಿರ ಇರಲಿ, ದೂರ ಇರಲಿ, ಹಾಯುವ ಜಾಗ ಬದಲಾಗುವುದಿಲ್ಲ.

ನನ್ನ ಆನೆಯ ಎತ್ತರ 9 ಸೆಂಟಿಮೀಟರ್. ಎರಡನೇ ಸಲ ಫೋನಿನ ಲೆನ್ಸನ್ನು ಮೇಜಿನಿಂದ 6 ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲಿಸಿದೆ. ಹಾಗಾದರೆ ದಿಗಂತ ಆನೆಯ ಮೂರನೇ ಎರಡು ಭಾಗದ ಎತ್ತರದಲ್ಲಿ, ಸುಮಾರು ಅದರ ಕಣ್ಣಿನ ಹತ್ತಿರ ಹಾಯಬೇಕು. ಪುಟದಲ್ಲಿ ಆನೆ 12 ಸೆಂಟಿಮೀಟರ್ ಎತ್ತರ ಬರಬೇಕಿತ್ತು. ಅದರ ಮೂರನೇ ಎರಡು ಭಾಗ 8. ಆನೆಯ ಕಾಲು ಊರುವ ಜಾಗದಿಂದ 8 ಸೆಂಟಿಮೀಟರ್ ಮೇಲೆ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದೆ. ಚಿತ್ರದ ದಿಗಂತ ಅದೇ.

ಕಥೆಯಲ್ಲಿ ಒಬ್ಬಳು ಹುಡುಗಿಯೂ ಇದ್ದಾಳೆ. ಅವಳೂ ಮರದ ಗೊಂಬೆ, ಎತ್ತರ 6 ಸೆಂಟಿಮೀಟರ್. ಸಂಕದ ಆಚೆ ತುದಿಯಲ್ಲಿ ನಿಂತು ಆನೆಗೆ ಕಾಯುತ್ತಾಳೆ. ಕ್ಯಾಮೆರಾದ ಎತ್ತರವೂ 6, ಅವಳ ಎತ್ತರವೂ 6. ಹಾಗಾಗಿ ದಿಗಂತ ಅವಳ ನೆತ್ತಿಗೆ ಸರಿಯಾಗಿ ತಾಗಬೇಕು. ಪುಟದಲ್ಲಿ ಅವಳನ್ನು 3 ಸೆಂಟಿಮೀಟರ್ ಮಾಡಿದರೆ, ಕಾಲು ಆ ಗೆರೆಯಿಂದ 3 ಸೆಂಟಿಮೀಟರ್ ಕೆಳಗೆ ಬರಬೇಕು. ಇನ್ನೂ ದೂರ ಕಳಿಸಿ 2 ಮಾಡಿದರೆ, ಕಾಲು 2 ಕೆಳಗೆ. ನೆತ್ತಿ ಮಾತ್ರ ಗೆರೆ ಬಿಟ್ಟು ಕದಲುವಂತಿಲ್ಲ. ಇಷ್ಟು ನೆನಪಿಟ್ಟರೆ ಎಷ್ಟು ಆಟಿಕೆ ಇದ್ದರೂ ಎಲ್ಲವೂ ಒಂದೇ ನೆಲದಲ್ಲಿ ನಿಲ್ಲುತ್ತವೆ. ಯಾರೂ ಹಾರುವುದಿಲ್ಲ.

ಮಲೆನಾಡಿನ ಚಿತ್ರ ಬರೆಯುವವರಿಗೆ ಇಲ್ಲೊಂದು ಕಷ್ಟ ಇದೆ. ನಮ್ಮ ಕಡೆ ದಿಗಂತ ಕಾಣುವುದೇ ಇಲ್ಲ. ಎದುರಿಗೆ ಗುಡ್ಡ, ಗುಡ್ಡದ ಹಿಂದೆ ಇನ್ನೊಂದು ಗುಡ್ಡ, ಅದರ ಮೇಲೆ ಮಂಜು. ಗುಡ್ಡದ ತುದಿಯನ್ನೇ ದಿಗಂತ ಅಂದುಕೊಂಡು ಲೆಕ್ಕ ಹಾಕಿದರೆ ಎಲ್ಲ ತಲೆಕೆಳಗಾಗುತ್ತದೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಗುಡ್ಡಗಳು ದಿಗಂತದ ಮೇಲೆ ಎದ್ದು ನಿಂತಿರುತ್ತವೆ, ಅಷ್ಟೇ. ನಿಜವಾದ ಗೆರೆ ಅವುಗಳ ಹಿಂದೆ, ಕೆಳಗೆ ಎಲ್ಲೋ ಅಡಗಿರುತ್ತದೆ. ಆದ್ದರಿಂದ ಪೆನ್ಸಿಲ್ ಗೆರೆಯನ್ನು ಮೊದಲು ಎಳೆದು, ಗುಡ್ಡವನ್ನು ಆಮೇಲೆ ಬರೆಯಿರಿ. ಬಣ್ಣ ಹಚ್ಚಿದ ಮೇಲೆ ಗೆರೆ ಕಾಣದಿದ್ದರೂ ಪರವಾಗಿಲ್ಲ, ಅದರ ಕೆಲಸ ಅಷ್ಟೊತ್ತಿಗೆ ಮುಗಿದಿರುತ್ತದೆ.

ಕ್ಯಾಮೆರಾ ಎಷ್ಟು ದೂರ ಇರಬೇಕು ಅನ್ನುವುದೂ ಮುಖ್ಯ. ಫೋನನ್ನು ಆಟಿಕೆಯ ಮೂತಿಗೇ ಹಿಡಿದರೆ ಸೊಂಡಿಲು ದಪ್ಪವಾಗಿ, ಹಿಂಗಾಲು ಸಣ್ಣಗಾಗುತ್ತದೆ. ಫೋನಿನ ಮುಖ್ಯ ಲೆನ್ಸ್ ತುಂಬ ಅಗಲ ನೋಡುವ ಲೆನ್ಸ್. ಆಟಿಕೆ ದೊಡ್ಡದಾಗಿ ಬರಲಿ ಅಂತ ಅದನ್ನು ತೀರ ಹತ್ತಿರ ಒಯ್ಯುತ್ತೇವೆ, ಹತ್ತಿರ ಹೋದಷ್ಟೂ ಹೀಗೆ ಉಬ್ಬುತ್ತದೆ. ನಾನು 60 ಸೆಂಟಿಮೀಟರ್ ಹಿಂದೆ ಸರಿದು, `2x` ಒತ್ತಿ ತೆಗೆದೆ. ದೂರದಲ್ಲಿರುವ ಹುಡುಗಿಯನ್ನು 160 ಸೆಂಟಿಮೀಟರಿನಿಂದ ತೆಗೆದೆ. ಆನೆ ಪುಟದಲ್ಲಿ ತನ್ನ ಅಳತೆಗಿಂತ ಮೂರನೇ ಒಂದರಷ್ಟು ದೊಡ್ಡದಾಗಿದೆ, ಹುಡುಗಿ ಅರ್ಧ ಆಗಿದ್ದಾಳೆ. ಆ ಹೋಲಿಕೆಯಲ್ಲೇ ದೂರವೂ ಹೆಚ್ಚಬೇಕು. ಹಿನ್ನೆಲೆಯನ್ನು ತಾನೇ ಮಬ್ಬು ಮಾಡುವ ಪೋರ್ಟ್ರೇಟ್ ಮೋಡ್ ಬೇಡ. ಅದು ಆನೆಯ ಕಿವಿಯ ಅಂಚನ್ನೂ ತಿನ್ನುತ್ತದೆ.

ಇನ್ನು ಬೆಳಕು. ನನ್ನ ಪುಟದಲ್ಲಿ ಆಷಾಢದ ಮಳೆ. ಅಂಥ ದಿನ ಸೂರ್ಯ ಇರುವುದಿಲ್ಲ, ಇಡೀ ಮೋಡವೇ ಬೆಳಗುತ್ತದೆ. ಬೆಳಕು ಮೇಲಿನಿಂದ, ಎಲ್ಲ ಕಡೆಯಿಂದ ಬೀಳುತ್ತದೆ. ಚೂಪಾದ ನೆರಳೇ ಇರುವುದಿಲ್ಲ. ಮೊದಲ ಫೋಟೊವನ್ನು ನಾನು ಜಗಲಿಯಲ್ಲಿ ತೆಗೆದಿದ್ದೆ. ಜಗಲಿಗೆ ಮೇಲೆ ಮಾಡು ಇರುತ್ತದೆ, ಬೆಳಕು ಅಂಗಳದ ಕಡೆಯಿಂದ ಮಾತ್ರ ಅಡ್ಡಕ್ಕೆ ಬರುತ್ತದೆ. ಆನೆಯ ಒಂದು ಮಗ್ಗುಲು ಬೆಳ್ಳಗೆ, ಇನ್ನೊಂದು ಮಗ್ಗುಲು ಕತ್ತಲು. ಮಳೆಯಲ್ಲಿ ನಿಂತ ಆನೆ ಹಾಗಿರುವುದಿಲ್ಲ ಅಲ್ವಾ? ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಬೆಳಕು ಬಂದ ದಿಕ್ಕನ್ನು ಬದಲಾಯಿಸಲು ಆಗಲಿಲ್ಲ.

ಎರಡನೇ ಸಲ ಮಳೆ ಸ್ವಲ್ಪ ಹೊಳವಾದ ಹೊತ್ತು ನೋಡಿಕೊಂಡು, ಸ್ಟೂಲನ್ನು ಅಂಗಳಕ್ಕೆ ತಂದು, ಮೋಡದ ಕೆಳಗೇ ಫೋಟೊ ತೆಗೆದೆ. ಮಳೆಗಾಲದ ಪುಟಕ್ಕೆ ಮಳೆಗಾಲದ ಮೋಡಕ್ಕಿಂತ ಒಳ್ಳೆಯ ದೀಪ ನನಗೆ ಸಿಕ್ಕಿಲ್ಲ. ಬಿಸಿಲಿನ ಪುಟ ಆಗಿದ್ದರೆ ಲೆಕ್ಕ ಬೇರೆ. ಚಿತ್ರದಲ್ಲಿ ಮರದ ನೆರಳು ಯಾವ ಕಡೆ ಬಿದ್ದಿದೆಯೋ, ಆಟಿಕೆಯ ನೆರಳೂ ಅದೇ ಕಡೆ ಬೀಳುವಂತೆ ತಿರುಗಿಸಿ ಇಡಬೇಕು.

ಮೋಡದ ಬೆಳಕಿನಲ್ಲಿ ಇನ್ನೊಂದು ಸಮಸ್ಯೆ ಬಂತು. ಚನ್ನಪಟ್ಟಣದ ಆಟಿಕೆ ಹೊಳೆಯುತ್ತದೆ. ಆಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಆ ನುಣುಪು ಕನ್ನಡಿಯ ಹಾಗೆ. ಬಿಳಿ ಆಕಾಶ ಪೂರ್ತಿ ಆನೆಯ ಬೆನ್ನಿನಲ್ಲಿ ಕಾಣಿಸಿಕೊಂಡು, ಕೆಂಪು ಬಣ್ಣ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತು. ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಈ ಬಿಳುಪು ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ, ಹೋಗಲೂಬಾರದು. ಒಂದು ಸಣ್ಣ ಹೊಳಪು ಉಳಿದರೆ ತಾನೇ ಅದು ಅರಗಿನ ಆಟಿಕೆ ಅಂತ ಗೊತ್ತಾಗುವುದು. ಆನೆಯ ತಲೆ ಮತ್ತು ಬೆನ್ನಿಗೆ ನಾನು ಹಳೇ ಕಂಬಳಿಯ ಚೂರಿನಿಂದ ಒಂದು ಪುಟ್ಟ ಕೊಪ್ಪೆ ಮಾಡಿ ಹಾಕಿದೆ. ಗದ್ದೆಗೆ ಹೋಗುವವರು ಮಳೆಗೆ ಹಾಕಿಕೊಳ್ಳುತ್ತಿದ್ದರಲ್ಲ, ಅದೇ ಕಂಬಳಿ ಕೊಪ್ಪೆ. ಕಥೆಗೂ ಒಪ್ಪಿತು, ಅತಿ ಹೆಚ್ಚು ಹೊಳೆಯುತ್ತಿದ್ದ ಬೆನ್ನೂ ಮುಚ್ಚಿತು.

ಆದರೆ ಕಂಬಳಿಗೆ ಉಣ್ಣೆಯ ಎಳೆ ಇರುತ್ತದೆ. ನೂರಾರು ಸಣ್ಣ ಕೂದಲು ಅಂಚಿನಿಂದ ಆಚೆ ಚಾಚಿಕೊಂಡಿರುತ್ತವೆ. ಬಿಳಿ ಹಾಳೆಯ ಮುಂದೆ ಇಟ್ಟು ಫೋಟೊ ತೆಗೆದು ಕತ್ತರಿಸಿದರೆ, ಆ ಎಳೆಗಳ ನಡುವೆ ಬಿಳಿ ಉಳಿದುಬಿಡುತ್ತದೆ. ಕಡು ಹಸಿರು ತೋಟದ ಮೇಲೆ ಇಟ್ಟಾಗ ಕೊಪ್ಪೆಯ ಸುತ್ತ ಬೆಳ್ಳಗಿನ ದಾರ ಸುತ್ತಿದ ಹಾಗೆ ಕಾಣುತ್ತದೆ. ಇದಕ್ಕೆ ನಾನು ಮಾಡುವ ಉಪಾಯ ಇದು. ಚಿತ್ರಕ್ಕೆ ಬಳಸುವ ಬಣ್ಣವನ್ನೇ ಎರಡು ಡ್ರಾಯಿಂಗ್ ಶೀಟಿಗೆ ಬಳಿದು ಒಣಗಿಸುತ್ತೇನೆ. ಒಂದಕ್ಕೆ ಮಂಜಿನ ಬೂದು ಹಸಿರು, ಇನ್ನೊಂದಕ್ಕೆ ಒದ್ದೆ ಮರದ ಕಂದು. ಮೊದಲನೆಯದನ್ನು ಆನೆಯ ಹಿಂದೆ ನಿಲ್ಲಿಸಿ, ಎರಡನೆಯದನ್ನು ಕಾಲ ಕೆಳಗೆ ಹಾಸಿ ಫೋಟೊ ತೆಗೆಯುತ್ತೇನೆ. ಆಗ ಎಳೆಗಳ ನಡುವೆ ಉಳಿಯುವುದು ಚಿತ್ರದ ಬಣ್ಣವೇ. ಒರಟಾಗಿ ಕತ್ತರಿಸಿದರೂ ಕಣ್ಣಿಗೆ ಹೊಡೆಯುವುದಿಲ್ಲ.

ಇದರಿಂದ ಇನ್ನೂ ಒಂದು ಲಾಭ ಇದೆ. ನೆಲಕ್ಕೆ ಬಿದ್ದ ಬೆಳಕು ಆ ನೆಲದ ಬಣ್ಣ ಹೊತ್ತುಕೊಂಡು ಮೇಲಕ್ಕೆ ಎರಚುತ್ತದೆ. ಹಾಸಿದ ಹಾಳೆ ಕಂದು ಆಗಿದ್ದರೆ ಆನೆಯ ಹೊಟ್ಟೆಯ ಅಡಿಗೂ, ಕಾಲಿನ ಒಳಬದಿಗೂ ಸ್ವಲ್ಪ ಕಂದು ಬರುತ್ತದೆ. ಬಿಳಿ ಹಾಳೆ ಹಾಸಿದ್ದರೆ ಹೊಟ್ಟೆಯ ಅಡಿ ಬೆಳ್ಳಗೆ ಹೊಳೆಯುತ್ತಿತ್ತು. ಒದ್ದೆ ಮರದ ಸಂಕದ ಮೇಲೆ ನಿಂತ ಆನೆಯ ಹೊಟ್ಟೆ ಅಷ್ಟು ಬೆಳ್ಳಗಿರಲು ಸಾಧ್ಯವೇ ಇಲ್ಲ. ನೋಡುವವರು ಇದನ್ನು ಗಮನ ಇಟ್ಟು ನೋಡುವುದಿಲ್ಲ, ಆದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಇಲ್ಲಿ ಕ್ರಮದ ಬಗ್ಗೆ ಒಂದು ಮಾತು. ಮೊದಲು ಪೆನ್ಸಿಲಿನ ಕಚ್ಚಾ ಚಿತ್ರ, ಆಮೇಲೆ ಫೋಟೊ, ಕೊನೆಗೆ ಬಣ್ಣ. ಪೂರ್ತಿ ಚಿತ್ರ ಮುಗಿಸಿ ಆಮೇಲೆ ಆಟಿಕೆಯ ಫೋಟೊ ತೆಗೆಯಲು ಹೋಗಬೇಡಿ. ಕುಂಚದಿಂದ ನೆಲವನ್ನು ಹೇಗೆ ಬೇಕಾದರೂ ಬರೆಯಬಹುದು. ಫೋಟೊದಲ್ಲಿ ಒಮ್ಮೆ ಸಿಕ್ಕಿದ ಕೋನವನ್ನು ಆಮೇಲೆ ತಿರುಗಿಸೋಕೆ ಬರುವುದಿಲ್ಲ.

ಈಗ ನೆರಳು. ಮೋಡದ ದಿನ ಚೂಪಾದ ನೆರಳು ಇಲ್ಲ ಅಂತ ಹೇಳಿದೆ, ಹಾಗಂತ ನೆರಳೇ ಇಲ್ಲ ಅಂತಲ್ಲ. ಮಳೆಗಾಲದಲ್ಲಿ ಅಂಗಳದಲ್ಲಿ ಒಂದು ಕೊಡಪಾನ ಇಟ್ಟು ನೋಡಿ. ಉದ್ದ ಚಾಚಿದ ನೆರಳು ಇರುವುದಿಲ್ಲ. ಆದರೆ ಕೊಡಪಾನ ನೆಲಕ್ಕೆ ತಾಗುವ ಕಡೆ ತೆಳ್ಳಗಿನ ಕಪ್ಪು ಗೆರೆ ಇರುತ್ತದೆ. ಅಷ್ಟು ಸಣ್ಣ ಸಂದಿಗೆ ಆಕಾಶದ ಬೆಳಕು ಹೋಗುವುದಿಲ್ಲ. ಅದರ ಸುತ್ತ, ಆಚೆ ಹೋದ ಹಾಗೆ ಕರಗುವ ಒಂದು ಮಸುಕು ಇರುತ್ತದೆ. ವಸ್ತು ನೆಲದ ಮೇಲೆ ಕೂತಿದೆ ಅಂತ ಕಣ್ಣಿಗೆ ಹೇಳುವುದು ಇವೆರಡೇ. ನನ್ನ ಮೊದಲ ಪುಟದಲ್ಲಿ ಆ ಕಪ್ಪು ಗೆರೆ ಇರಲಿಲ್ಲ. ಬರೀ ಮಸುಕು ನೆರಳನ್ನು ಕಾಲಿನ ಕೆಳಗೆ ಉಜ್ಜಿದ್ದೆ. ಮಸುಕು ಮಾತ್ರ ಇದ್ದರೆ ವಸ್ತು ನೆಲದಿಂದ ಸ್ವಲ್ಪ ಮೇಲಿದೆ ಅಂತಲೇ ಅರ್ಥ. ಅಕ್ಕನ ಮಗಳು ಓದಿದ್ದೂ ಅದನ್ನೇ.

ಮಸುಕು ನೆರಳನ್ನು ಊಹೆಯಿಂದ ಬರೆಯುವ ಬದಲು ಫೋಟೊದಿಂದಲೇ ತರಬಹುದು. ಬಣ್ಣದ ಹಾಳೆಯ ಮೇಲಿನ ಫೋಟೊ ಆದ ಮೇಲೆ, ಟ್ರೈಪಾಡನ್ನು ಅಲ್ಲಾಡಿಸದೆ, ಆನೆಯ ಕೆಳಗೂ ಹಿಂದೆಯೂ ಬಿಳಿ ಹಾಳೆ ಹಾಕಿ ಇನ್ನೊಂದು ಫೋಟೊ ತೆಗೆಯಿರಿ. ಈ ಎರಡನೇ ಫೋಟೊದಿಂದ ನಮಗೆ ಬೇಕಾದ್ದು ನೆರಳು ಮಾತ್ರ. ಆನೆ ಒಂದೆರಡು ಮಿಲಿಮೀಟರ್ ಕದಲಿದರೂ ತೊಂದರೆ ಇಲ್ಲ, ಮಸುಕಿಗೆ ಚೂಪಾದ ಅಂಚು ಇರುವುದಿಲ್ಲವಲ್ಲ. ಇದನ್ನು ಕಪ್ಪು-ಬಿಳುಪು ಮಾಡಿ, ಸ್ಕ್ಯಾನ್ ಮಾಡಿದ ಚಿತ್ರದ ಮೇಲೆ, ಕತ್ತರಿಸಿದ ಆನೆಯ ಕೆಳಗೆ ಒಂದು ಲೇಯರಾಗಿ ಇಟ್ಟು, ಲೇಯರಿನ ಮೋಡನ್ನು `Multiply` ಮಾಡಿ. ಚಿತ್ರ ತಿದ್ದುವ ತಂತ್ರಾಂಶಗಳಾದ ಜಿಂಪ್, ಕ್ರಿಟಾ ಎರಡೂ ಉಚಿತ, ಎರಡರಲ್ಲೂ ಇದು ಇದೆ.

ಹೆಸರೇ ಹೇಳುವ ಹಾಗೆ ಇದು ಗುಣಾಕಾರ. ಪ್ರತಿ ಚುಕ್ಕಿಯ ಬೆಳಕಿಗೆ 0ಯಿಂದ 255ರವರೆಗೆ ಒಂದು ಅಂಕಿ ಇರುತ್ತದೆ. 0 ಕಪ್ಪು, 255 ಬಿಳಿ. ಮೇಲಿನದನ್ನೂ ಕೆಳಗಿನದನ್ನೂ ಗುಣಿಸಿ 255ರಿಂದ ಭಾಗಿಸುತ್ತದೆ.

```
160 × 255 ÷ 255 = 160
160 × 128 ÷ 255 ≈ 80
160 × 225 ÷ 255 ≈ 141
```

160 ಅಂದರೆ ನಾನು ಬರೆದ ಸಂಕದ ಬಣ್ಣ ಅಂದುಕೊಳ್ಳಿ. ಮೇಲೆ ಪೂರ್ತಿ ಬಿಳಿ ಇದ್ದ ಕಡೆ ಸಂಕ ಹಾಗೇ ಉಳಿಯಿತು. ಹಾಳೆಯೇ ಮಾಯವಾಯಿತು. ನೆರಳು ಇದ್ದ ಕಡೆ ಅರ್ಧ ಕತ್ತಲಾಯಿತು. ಮೂರನೇ ಸಾಲು ನೋಡಿ, ತೊಂದರೆ ಬರುವುದು ಅಲ್ಲೇ. ಮೋಡದ ಬೆಳಕಿನಲ್ಲಿ ಫೋನ್ ಬಿಳಿ ಹಾಳೆಯನ್ನು ಬೂದು ಬಣ್ಣವಾಗಿಯೇ ತೆಗೆಯುತ್ತದೆ, 225 ಇರಬಹುದು. ಆಗ ಹಾಳೆ ಪೂರ್ತಿ ಮಾಯವಾಗುವುದಿಲ್ಲ. ಆನೆಯ ಸುತ್ತ ಒಂದು ಚೌಕದ ಮಾಸಲು ಕಲೆ ಉಳಿಯುತ್ತದೆ. ಅದು ಕಂಡರೆ `Levels` ತೆರೆದು, ಬಲಗಡೆಯ ಬಿಳಿ ತ್ರಿಕೋನವನ್ನು ಹಾಳೆಯ ಅಂಕಿಯವರೆಗೆ ಎಡಕ್ಕೆ ಎಳೆಯಿರಿ. ಚೌಕ ಹೋಗುತ್ತದೆ, ನೆರಳು ಉಳಿಯುತ್ತದೆ. ಕಾಲಿನ ಬುಡದ ಕಪ್ಪು ಗೆರೆಯನ್ನು ಮಾತ್ರ ನಾನು ಇನ್ನೊಂದು ಲೇಯರಿನಲ್ಲಿ, ಸಣ್ಣ ಕುಂಚದಲ್ಲಿ ಕೈಯಿಂದಲೇ ಬರೆಯುತ್ತೇನೆ.

ಇಷ್ಟಾದ ಮೇಲೆ ಆನೆ ನಿಂತಿತು. ಆದರೂ ಪುಟದಿಂದ ಎದ್ದು ಮುಂದೆ ಬಂದ ಹಾಗೆ ಇತ್ತು. ಯಾಕೆ ಅಂತ ತಿಳಿಯಲು ಇಡೀ ಪುಟವನ್ನು ಕಪ್ಪು-ಬಿಳುಪು ಮಾಡಿ, ಕಣ್ಣು ಕಿರಿದು ಮಾಡಿ ನೋಡಿದೆ. ಒಣಗಿದ ಜಲವರ್ಣದ ಕಪ್ಪು ನಿಜವಾದ ಕಪ್ಪಲ್ಲ. ನನ್ನ ಸ್ಕ್ಯಾನಿನಲ್ಲಿ ಅತಿ ಕತ್ತಲ ಜಾಗದ ಅಂಕಿ 45 ಇತ್ತು. ಆನೆಯ ಕಣ್ಣಿನದು 8. ಇಡೀ ಪುಟದಲ್ಲಿ ಅಷ್ಟು ಕಪ್ಪು ಇನ್ನೆಲ್ಲೂ ಇರಲಿಲ್ಲ. `Levels` ಒಳಗೆ ಕೆಳಗಡೆ `Output Levels` ಅಂತ ಇರುತ್ತದೆ. ಆನೆಯ ಲೇಯರಿಗೆ ಅಲ್ಲಿ 0 ಇದ್ದದ್ದನ್ನು 35 ಮಾಡಿದೆ. ದೂರದ ಹುಡುಗಿ ಮಂಜಿನಲ್ಲಿ ಇದ್ದಾಳೆ, ಅವಳಿಗೆ 70. ಅಷ್ಟಕ್ಕೇ ಇಬ್ಬರೂ ಮಂಜಿನೊಳಗೆ ಹೋದರು. ಈ ಒಂದು ತಿದ್ದುಪಡಿ ಅಂಚಿಗೆ ಮಾಡುವ ಹತ್ತು ನಾಜೂಕಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಕೊನೆಗೆ ಮಳೆ ಮತ್ತು ಜರಿಗಿಡ. ಆಟಿಕೆಯ ಹಿಂದೆ ಮಾತ್ರ ಚಿತ್ರ ಇದ್ದರೆ ಅದು ನಾಟಕದ ಪರದೆಯ ಹಾಗಿರುತ್ತದೆ. ಮುಂದೆಯೂ ಕುಂಚದ ಕೆಲಸ ಬರಬೇಕು. ಮಳೆಯ ಗೆರೆಗಳನ್ನು ನಾನು ಕಪ್ಪು ಹಾಳೆಯ ಮೇಲೆ ಬಿಳಿ ಬಣ್ಣದಲ್ಲಿ ಎಳೆದು ಸ್ಕ್ಯಾನ್ ಮಾಡಿ, ಲೇಯರನ್ನು `Screen` ಮಾಡಿದೆ. ಅದು ಮೊದಲಿನದರ ಉಲ್ಟಾ, ಕಪ್ಪು ಮಾಯವಾಗಿ ಬಿಳಿ ಮಾತ್ರ ಉಳಿಯುತ್ತದೆ. ಒಂದು ಪದರ ಮಳೆ ಆನೆಯ ಹಿಂದೆ, ಇನ್ನೊಂದು ಪದರ ಮುಂದೆ.

ಆನೆಯ ಕಾಲಿಗೆ ಅಡ್ಡ ಬರುವ ಜರಿಗಿಡದಲ್ಲಿ ಮಾತ್ರ ಮೋಸ ಹೋಗಿದ್ದೆ. ಬಿಳಿ ಹಾಳೆಯ ಮೇಲೆ ಎಳೆ ಹಸಿರಿನಲ್ಲಿ ಬರೆದು `Multiply` ಮಾಡಿದರೆ, ಕೆಂಪು ಆನೆಯ ಮೇಲೆ ಬಂದ ಎಲೆ ಕೊಳಕು ಕಂದಾಗಿ ಹೋಯಿತು. ಗುಣಾಕಾರ ಕತ್ತಲು ಮಾಡಬಲ್ಲದು, ಕಡು ಬಣ್ಣದ ಮೇಲೆ ತಿಳಿ ಬಣ್ಣ ತರಲಾರದು. ಅಂಥ ಎಲೆಗಳನ್ನು ಆಟಿಕೆಯ ಹಾಗೇ ಮಾಸ್ಕ್ ಹಾಕಿ ಕತ್ತರಿಸಿಯೇ ಇಡಬೇಕು. ನಾಲ್ಕೇ ಎಲೆ ಸಾಕು, ಆದರೆ ಒಂದಾದರೂ ಕಾಲಿನ ಅಂಚನ್ನು ದಾಟಿ ಬರಬೇಕು.

ಪುಟವನ್ನು ಅಕ್ಕನ ಮಗಳಿಗೆ ಮತ್ತೆ ತೋರಿಸಿದಾಗ ಅವಳು ಹಾರುವ ಮಾತೇ ಎತ್ತಲಿಲ್ಲ. "ಸಂಕ ಜಾರಲ್ವಾ ಚಿಕ್ಕಮ್ಮ?" ಅಂದಳು.

ಶಿವಮೊಗ್ಗದ ಪ್ರೆಸ್ಸಿನಲ್ಲಿ ಒಂದು ಹಾಳೆ ಪರೀಕ್ಷೆಗೆ ಹಾಕಿಸಿದಾಗ ಇನ್ನೊಂದು ಗೊತ್ತಾಯಿತು. ಕಾಗದ ಶಾಯಿಯನ್ನು ಹೀರಿದಾಗ ಚುಕ್ಕಿಗಳು ಸ್ವಲ್ಪ ಹರಡುತ್ತವೆ, ನೆರಳು ಪರದೆಯಲ್ಲಿ ಕಂಡದ್ದಕ್ಕಿಂತ ದಟ್ಟವಾಗುತ್ತದೆ. ಕಾಲಿನ ಕಪ್ಪು ಗೆರೆ ದಪ್ಪಗಾಗಿ, ಆನೆ ಕೆಸರಲ್ಲಿ ಹೂತ ಹಾಗೆ ಬಂದಿತ್ತು. ಅದಕ್ಕೇ ಈಗ ನೆರಳಿನ ಲೇಯರುಗಳನ್ನು ಬೇರೆಯಾಗಿಯೇ ಉಳಿಸಿಕೊಳ್ಳುತ್ತೇನೆ. ಪರೀಕ್ಷೆಯ ಹಾಳೆ ಕೈಗೆ ಬಂದ ಮೇಲೆ ಅವನ್ನಷ್ಟೇ ತಿಳಿ ಮಾಡಿ ಮತ್ತೆ ಕಳಿಸುತ್ತೇನೆ.